ಮೂಲವ್ಯಾಧಿಯ ನೋವಿಗೆ ನಡುವೆ ತೂತಿರುವ ದಿಂಬು

ಮೂಲವ್ಯಾಧಿಯ ನೋವು ಕಾಣಿಸಿಕೊಂಡೊಡನೆ ಅನೇಕರು ಔಷಧದ ಅಂಗಡಿಗೆ ಹೋಗಿ, ಉದ್ದಿನ ವಡೆಯಂತೆ ನಡುವೆ ತೂತಿರುವ ಗಾಳಿದಿಂಬನ್ನು ಕೊಂಡು ತರುತ್ತಾರೆ. ನೋಯುವ ಭಾಗಕ್ಕೆ ಏನೂ ತಗಲದಿದ್ದರೆ ನೋವು ಶಮನವಾಗುವುದೆಂಬುದು ಇದರ ಹಿಂದಿನ ಎಣಿಕೆ. ಮೊದಲ ಕೆಲವು ನಿಮಿಷ ಈ ಎಣಿಕೆ ನಿಜವೆಂದೇ ತೋರುತ್ತದೆ. ಆದರೆ ಅದರ ಮೇಲೆ ಬಹಳ ಹೊತ್ತು ಕುಳಿತ ಕೆಲವರಿಗೆ ಭಾರವೂ ಬಾವೂ ಹೆಚ್ಚಿದಂತಾಗುತ್ತದೆ. ಇದಕ್ಕೆ ಕಾರಣವನ್ನು ತಿಳಿದರೆ, ದಿಂಬನ್ನು ಯಾವಾಗ ಬಳಸಬೇಕು, ಯಾವಾಗ ಬಿಡಬೇಕು ಎಂಬುದು ಸ್ಪಷ್ಟವಾಗುತ್ತದೆ.

ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ಉಬ್ಬುಗಳು ಎಲ್ಲರಲ್ಲಿಯೂ ಇರುತ್ತವೆ. ವಾಯುವೂ ಮಲವೂ ಸೋರದಂತೆ ತಡೆಯಲು ಅವು ನೆರವಾಗುತ್ತವೆ. ಮಲಬದ್ಧತೆಯಿಂದ ದಿನವೂ ತಿಣುಕುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಅವುಗಳಲ್ಲಿ ರಕ್ತ ನಿಂತು, ಅವು ಹಿಗ್ಗಿ ಕೆಳಕ್ಕೆ ಜಾರಬಹುದು. ಇದೇ ಮೂಲವ್ಯಾಧಿ. ಆದ್ದರಿಂದ ಆ ಭಾಗದಲ್ಲಿ ರಕ್ತ ಮಡುಗಟ್ಟುವಂತೆ ಮಾಡುವ ಯಾವ ಭಂಗಿಯೂ ಹಿತಕರವಲ್ಲ.

ತಲೆಯ ಮೇಲೆ ಕೊಡ ಹೊರುವಾಗ ಇಡುವ ಸಿಂಬಿಯನ್ನು ನೆನೆಯಿರಿ. ಕೊಡದ ಭಾರವೆಲ್ಲ ಸಿಂಬಿಯ ಸುತ್ತಿನ ಮೇಲೆ ಬೀಳುತ್ತದೆ. ನಡುವಿನ ಭಾಗಕ್ಕೆ ಆಸರೆಯಿರುವುದಿಲ್ಲ. ಕೊಡ ಗಟ್ಟಿಯಾದುದರಿಂದ ಅದಕ್ಕೆ ಬಾಧೆಯಿಲ್ಲ. ಮನುಷ್ಯನ ಮಾಂಸ ಮೃದುವಾದುದು. ತೂತಿನ ದಿಂಬಿನ ಮೇಲೆ ಕುಳಿತಾಗ ಗುದದ ಸುತ್ತಣ ಚರ್ಮ ಮತ್ತು ಸ್ನಾಯುಗಳು ಆ ತೂತಿನೊಳಕ್ಕೆ ಜೋತುಬೀಳುತ್ತವೆ. ಸುತ್ತಲಿನ ಅಂಚು ಒತ್ತುವುದರಿಂದ ಮೇಲಕ್ಕೆ ಮರಳಬೇಕಾದ ರಕ್ತ ಸರಾಗವಾಗಿ ಹರಿಯದೆ, ಉಬ್ಬು ಇನ್ನಷ್ಟು ಹಿಗ್ಗಬಹುದು. ಹಾಸಿಗೆ ಹಿಡಿದವರ ಒತ್ತಡದ ಹುಣ್ಣುಗಳಿಗೂ ಇಂತಹ ಉಂಗುರದ ದಿಂಬನ್ನು ಬಳಸಬಾರದೆಂದು ವೈದ್ಯರು ಹೇಳುವುದು, ಅಂಚಿನ ಒತ್ತಡ ರಕ್ತಸಂಚಾರವನ್ನು ತಡೆಯುತ್ತದೆ ಎಂಬ ಕಾರಣದಿಂದಲೇ.

ಹಾಗೆಂದು ಈ ದಿಂಬು ಸಂಪೂರ್ಣ ನಿರುಪಯುಕ್ತವಲ್ಲ. ಹೊರಗಿನ ಮೊಳಕೆಯಲ್ಲಿ ರಕ್ತ ಹೆಪ್ಪುಗಟ್ಟಿ, ಮುಟ್ಟಲೂ ಆಗದಷ್ಟು ನೋವಿರುವ ಮೊದಲ ಕೆಲವು ದಿನ, ಊಟಕ್ಕೋ ಸಣ್ಣ ಪ್ರಯಾಣಕ್ಕೋ 15–20 ನಿಮಿಷ ಅದನ್ನು ಬಳಸಬಹುದು. ಆಗಲೂ ಗಾಳಿಯನ್ನು ಬಿಗಿಯಾಗಿ ತುಂಬದೆ ಅರ್ಧದಷ್ಟೇ ತುಂಬಬೇಕು.

ದಿನಕ್ಕೆ 8 ಗಂಟೆ ಗಲ್ಲೆಯ ಮುಂದೆ ಕುಳಿತು ಲೆಕ್ಕ ಬರೆಯುವ ವ್ಯಾಪಾರಿಯೊಬ್ಬರನ್ನು ಭಾವಿಸೋಣ. ಅವರು ಮೊದಲ ದಿನ ತೂತಿನ ದಿಂಬಿನ ಮೇಲೆ 20 ನಿಮಿಷ ಕುಳಿತು ಏಳಲಿ. ಎದ್ದಾಗ ನಾಡಿ ಮಿಡಿದಂತೆ ನೋವು, ಕೆಳಕ್ಕೆ ಜಗ್ಗುವ ಭಾರ, ಮೊಳಕೆ ದೊಡ್ಡದಾದ ಅನುಭವ ಇದ್ದರೆ ಆ ದಿಂಬು ಒತ್ತಡವನ್ನು ಹೆಚ್ಚಿಸುತ್ತಿದೆ ಎಂದರ್ಥ. ಮರುದಿನ ತೂತಿಲ್ಲದ, ಸಮತಟ್ಟಾದ, ನಾಲ್ಕು ಬೆರಳು ದಪ್ಪದ ಫೋಮಿನ ದಿಂಬನ್ನು ಹಾಕಿಕೊಂಡು ಅಷ್ಟೇ ಹೊತ್ತು ಕುಳಿತು ಹೋಲಿಸಲಿ. ಕುಳಿತಿರುವಾಗಲೇ ದಿಂಬಿನ ಅಡಿಗೆ ಅಂಗೈ ತೂರಿಸಿ ನೋಡಬೇಕು. ಕುಂಡೆಯ ಎಲುಬು ಕೈಗೆ ನೇರವಾಗಿ ಒತ್ತಿದರೆ ಫೋಮು ಕುಸಿದಿದೆ. ಇನ್ನೂ ಗಟ್ಟಿಯಾದದ್ದು ಬೇಕು.

ಕುಳಿತುಕೊಳ್ಳುವ ಬಗೆಯೂ ಮುಖ್ಯ. ಕುರ್ಚಿಯಲ್ಲಾದರೆ ಪಾದಗಳೆರಡೂ ನೆಲಕ್ಕೆ ತಾಗಿರಲಿ, ಬೆನ್ನಿಗೆ ಆಸರೆಯಿರಲಿ, ಭಾರ ಎರಡೂ ಪಕ್ಕಕ್ಕೆ ಸಮನಾಗಿ ಬೀಳಲಿ. ಪೂಜೆಗೋ ಪ್ರವಚನಕ್ಕೋ ನೆಲದ ಮೇಲೆ ಕುಳಿತುಕೊಳ್ಳುವವರು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಳ್ಳಲಿ. ಎಷ್ಟೇ ಒಳ್ಳೆಯ ದಿಂಬಿರಲಿ, ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಬೇಕು. ವಿಶ್ರಾಂತಿಯ ವೇಳೆ ಕುಳಿತಿರುವುದಕ್ಕಿಂತ ಮಗ್ಗುಲಾಗಿ ಮಲಗುವುದು ಲೇಸು.

ಬಹಳ ಜನ ಮರೆಯುವ ಸಂಗತಿಯೊಂದಿದೆ: ಶೌಚಾಲಯದ ಕಮೋಡು ಕೂಡ ಒಂದು ಸಿಂಬಿಯೇ. ಅದರ ಮೇಲೆ ಪತ್ರಿಕೆ ಅಥವಾ ಮೊಬೈಲು ಹಿಡಿದು ಅರ್ಧ ಗಂಟೆ ಕುಳಿತುಕೊಳ್ಳುವವರಿಗೆ ಯಾವ ದಿಂಬೂ ಫಲಕೊಡದು. ಐದು ನಿಮಿಷದೊಳಗೆ ಎದ್ದುಬಿಡಬೇಕು. ಪಾದದಡಿ ಸಣ್ಣ ಮಣೆಯನ್ನಿಟ್ಟುಕೊಂಡರೆ ತಿಣುಕುವುದು ಕಡಿಮೆಯಾಗುತ್ತದೆ. ಅಗಲವಾದ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ದಿನಕ್ಕೆ ಎರಡು ಮೂರು ಬಾರಿ 10–15 ನಿಮಿಷ ಅದರಲ್ಲಿ ಕುಳಿತರೆ ಬಿಗಿದ ಸ್ನಾಯು ಸಡಿಲಗೊಂಡು ನೋವು ತಗ್ಗುತ್ತದೆ.

ದಿಂಬು ನೋವನ್ನು ತಗ್ಗಿಸಬಲ್ಲುದೇ ಹೊರತು ರೋಗವನ್ನು ಗುಣಪಡಿಸಲಾರದು. ಹಠಾತ್ತನೆ ಗಟ್ಟಿಯಾದ, ತೀವ್ರ ನೋವಿನ ಗಂಟು ಕಾಣಿಸಿದರೆ ಮೊದಲ ಮೂರು ದಿನಗಳೊಳಗೆ ವೈದ್ಯರನ್ನು ಕಾಣಬೇಕು. ಹೆಪ್ಪನ್ನು ತೆಗೆಯುವ ಚಿಕಿತ್ಸೆ ಹೆಚ್ಚು ಪ್ರಯೋಜನಕಾರಿಯಾಗುವುದು ಆಗಲೇ. ಜ್ವರ, ಕೀವು, ಕಪ್ಪು ಮಲ, ತೂಕ ಇಳಿಯುವುದು, ಮಲವಿಸರ್ಜನೆಯ ಕ್ರಮ ಬದಲಾಗುವುದು ಇವುಗಳಲ್ಲಿ ಯಾವುದಿದ್ದರೂ ಮೂಲವ್ಯಾಧಿಯೆಂದು ತಾವೇ ನಿರ್ಧರಿಸಬಾರದು. ರಕ್ತ ಬೀಳುತ್ತಿದ್ದರೆ, ಅದರಲ್ಲಿಯೂ ನಲವತ್ತೈದು ದಾಟಿದವರು, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.