ಲೋಕ ಅದಾಲತ್: ರಾಜಿ, ಅವಾರ್ಡ್ ಮತ್ತು ಮೇಲ್ಮನವಿ

ಆಧಾರ: ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ, 1987, ಜಾರಿ 9 ನವೆಂಬರ್ 1995. ಕಲಂ 19 ಸಂಘಟನೆ, ಕಲಂ 20 ಪ್ರಕರಣ ಸ್ವೀಕಾರ, ಕಲಂ 21 ಅವಾರ್ಡ್.

ಉದಾಹರಣೆ: ಗೋಪನಕೊಪ್ಪದ ವ್ಯಾಪಾರಿಯೊಬ್ಬರು ಹುಬ್ಬಳ್ಳಿ ನ್ಯಾಯಾಲಯದಲ್ಲಿ 2 ಲಕ್ಷ ರೂಪಾಯಿಯ ಚೆಕ್ ಬೌನ್ಸ್ ಪ್ರಕರಣ ಹೂಡಿದ್ದಾರೆ ಎನ್ನೋಣ. ಪ್ರಕರಣ ಅದಾಲತ್‌ಗೆ ಬರುತ್ತದೆ. ನಾಲ್ಕು ಕಂತುಗಳಲ್ಲಿ 1.6 ಲಕ್ಷ ಕೊಡಲು ಆರೋಪಿ ಒಪ್ಪುತ್ತಾನೆ. ಇಬ್ಬರೂ ಸಹಿ ಹಾಕುತ್ತಾರೆ. ಪೀಠ ಅದನ್ನೇ ಅವಾರ್ಡ್ ಆಗಿ ದಾಖಲಿಸುತ್ತದೆ. ಕಂತು ತಪ್ಪಿದರೆ ಹೊಸ ದಾವೆ ಬೇಕಿಲ್ಲ, ಅಮಲ್ಜಾರಿ ಅರ್ಜಿ ಸಾಕು. ಕ್ರಿಮಿನಲ್ ನ್ಯಾಯಾಲಯ ಕಳಿಸಿದ ಪ್ರಕರಣವಾದರೂ ಅವಾರ್ಡ್ ಸಿವಿಲ್ ಡಿಕ್ರಿಗೆ ಸಮ (ಗೋವಿಂದನ್ ಕುಟ್ಟಿ ಮೆನನ್ ಪ್ರಕರಣ, 2011). ರಾಜಿಯಾಗದಿದ್ದರೆ ಕಡತ ಮೂಲ ನ್ಯಾಯಾಲಯಕ್ಕೆ ಮರಳುತ್ತದೆ.

ಮೇಲ್ಮನವಿ ಏಕಿಲ್ಲ? ಸಾಮಾನ್ಯ ಡಿಕ್ರಿಯಲ್ಲಿ ನ್ಯಾಯಾಧೀಶರು ಸಾಕ್ಷ್ಯ ತೂಗಿ ತೀರ್ಪು ಕೊಡುತ್ತಾರೆ. ಆ ತೂಕ ತಪ್ಪಿರಬಹುದು, ಅದಕ್ಕೇ ಮೇಲ್ಮನವಿ. ಅದಾಲತ್ ತೀರ್ಪು ಕೊಡುವುದೇ ಇಲ್ಲ, ಪಕ್ಷಗಾರರ ಒಪ್ಪಿಗೆಗೆ ಮುದ್ರೆ ಒತ್ತುತ್ತದೆ. ಕಲಂ 21(2) ಈ ಅವಾರ್ಡನ್ನು ಅಂತಿಮವೆಂದು ಸಾರುತ್ತದೆ.

ಉಳಿದ ದಾರಿ: ವಂಚನೆ ಅಥವಾ ಒಪ್ಪಿಗೆಯೇ ಇಲ್ಲದಂಥ ಸೀಮಿತ ಕಾರಣಗಳಿಗೆ 226/227ನೇ ವಿಧಿಯಡಿ ರಿಟ್ (ಜಾಲೂರ್ ಸಿಂಗ್, 2008). ಹುಬ್ಬಳ್ಳಿಯವರಿಗೆ ಅದು ಹೈಕೋರ್ಟಿನ ಧಾರವಾಡ ಪೀಠ. ಪ್ರತ್ಯೇಕ ಸಿವಿಲ್ ದಾವೆ ನಿಲ್ಲದು (ಭಾರ್ಗವಿ ಕನ್‌ಸ್ಟ್ರಕ್ಷನ್ಸ್, 2017).

ಗೊಂದಲ ಬೇಡ:
• ಖಾಯಂ ಲೋಕ ಅದಾಲತ್ (ಕಲಂ 22ಬಿ, 2002ರ ತಿದ್ದುಪಡಿ) ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ. ರಾಜಿ ಮುರಿದರೆ ಅದು ತಾನೇ ತೀರ್ಮಾನಿಸಬಲ್ಲದು. ಪ್ರಶ್ನೆಪತ್ರಿಕೆಯ ನೆಚ್ಚಿನ ಬಲೆ ಇದೇ.
• ರಾಜಿಯಾಗದ ಅಪರಾಧಗಳು ಎರಡೂ ಬಗೆಯ ಅದಾಲತ್‌ಗಳ ವ್ಯಾಪ್ತಿಗೆ ಹೊರಗೆ.
• ನ್ಯಾಯಾಲಯ ಕಳಿಸಿದ ದಾವೆ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸ್.