‘ಬೇಡ’ ಮತ್ತು ‘ಸ್ವೀಕರಿಸುವಂತಿಲ್ಲ’: ಪೂರೈಕೆದಾರರ ಉಡುಗೊರೆಯನ್ನು ಮರಳಿಸುವ ಪತ್ರ

ವ್ಯವಹಾರ ಪತ್ರಗಳ ಪಾಠದಲ್ಲಿ ಬೇಡಿಕೆ ಪತ್ರ, ದೂರು ಪತ್ರ, ವಿಚಾರಣಾ ಪತ್ರಗಳಿಗೆ ಮಾದರಿಗಳು ದೊರೆಯುತ್ತವೆ. ಬಂದ ಉಡುಗೊರೆಯನ್ನು ಮರಳಿಸುವ ಪತ್ರಕ್ಕೆ ಮಾದರಿ ದೊರೆಯುವುದು ಅಪರೂಪ. ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿ ಖರೀದಿ, ಉಗ್ರಾಣ, ಲೆಕ್ಕಪತ್ರ ವಿಭಾಗಗಳಿಗೆ ಸೇರುವ ಪದವೀಧರರಿಗೆ ಮೊದಲ ದೀಪಾವಳಿಯಲ್ಲೇ ಇದರ ಅಗತ್ಯ ಬೀಳಬಹುದು. ಆದೇಶಗಳೂ ಬಿಲ್ಲುಗಳೂ ಇಂಗ್ಲಿಷಿನಲ್ಲಿ ಓಡಾಡಿದರೂ, ಪೂರೈಕೆದಾರರು ಕನ್ನಡಿಗರಾಗಿದ್ದರೆ ಹಬ್ಬದ ಮಾತು ಕನ್ನಡದಲ್ಲೇ ನಡೆಯುತ್ತದೆ. ಆದ್ದರಿಂದ ನಿರಾಕರಣೆಯೂ ಕನ್ನಡದಲ್ಲೇ ಆಗಬೇಕಾಗುತ್ತದೆ.

ಮುಯ್ಯಿಯ ತರ್ಕ

ಕೊಡುಗೆಗೆ ಮರುಕೊಡುಗೆ ಇದೆಯೆಂಬುದನ್ನು ಕನ್ನಡ ಭಾಷೆ ‘ಮುಯ್ಯಿ’ ಎಂಬ ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಮದುವೆಯಲ್ಲಿ ನೆಂಟರು ಕೊಡುವ ಉಡುಗೊರೆ ಮುಯ್ಯಿ. ಅದನ್ನು ಮುಂದೆ ಅವರ ಮನೆಯ ಮದುವೆಯಲ್ಲಿ ತೀರಿಸಬೇಕು. ಹಗೆ ತೀರಿಸಿಕೊಳ್ಳುವುದಕ್ಕೂ ‘ಮುಯ್ಯಿ ತೀರಿಸು’ ಎಂದೇ ಹೇಳುತ್ತಾರೆ. ಎರಡು ಮನೆಗಳ ನಡುವೆ ಈ ಲೆಕ್ಕ ಸರಿದೂಗುತ್ತದೆ, ಏಕೆಂದರೆ ಪಡೆದವರು ತಮ್ಮ ಕೈಯಿಂದಲೇ ಹಿಂದಿರುಗಿಸುತ್ತಾರೆ.

ಪೂರೈಕೆದಾರರ ಉಡುಗೊರೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಖರೀದಿ ಅಧಿಕಾರಿ ಪಡೆದದ್ದನ್ನು ತೀರಿಸುವ ದಾರಿ ಆತನ ಸ್ವಂತ ಸಂಬಳದಲ್ಲಿಲ್ಲ. ಅದು ಕಂಪನಿಯ ಆದೇಶದಲ್ಲಿ, ತಿರಸ್ಕರಿಸಬೇಕಾಗಿದ್ದ ಸರಕನ್ನು ಒಪ್ಪಿಕೊಳ್ಳುವುದರಲ್ಲಿ ಇದೆ. ತನ್ನದಲ್ಲದ ಹಣದಿಂದ ತನ್ನ ಮುಯ್ಯಿ ತೀರಿಸುವಂತಾಗುತ್ತದೆ. ಕಂಪನಿಗಳು ನಡತೆಯ ನಿಯಮಗಳಲ್ಲಿ ಉಡುಗೊರೆಯ ವಿಷಯವನ್ನು ಸೇರಿಸುವುದು ಇದಕ್ಕಾಗಿ. ಕೇಂದ್ರ ಸರ್ಕಾರಿ ನೌಕರರಿಗೆ 1964ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ 13ನೆಯ ನಿಯಮವೇ ಉಡುಗೊರೆಗಳಿಗೆ ಮೀಸಲು. ಖಾಸಗಿ ಸಂಸ್ಥೆಗಳಲ್ಲಿ ಮಿತಿಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತವೆ. ಆದ್ದರಿಂದ ಪತ್ರ ಬರೆಯುವ ಮುನ್ನ ತನ್ನ ಸಂಸ್ಥೆಯ ನಿಯಮವನ್ನು ಓದಿಕೊಳ್ಳುವುದು ಮೊದಲ ಹೆಜ್ಜೆ.

ನಿರಾಕರಣೆಯ ಕ್ರಿಯಾಪದಗಳು

ಕನ್ನಡದಲ್ಲಿ ‘ಇಲ್ಲ’ವೆನ್ನಲು ಹಲವು ರೂಪಗಳಿವೆ, ಅವು ಕೇಳುವವರಲ್ಲಿ ಹುಟ್ಟಿಸುವ ಅರ್ಥ ಒಂದೇ ಅಲ್ಲ.

‘ನಾನು ಒಲ್ಲೆ’, ‘ನನಗೆ ಬೇಡ’ ಎಂಬಲ್ಲಿ ಮಾತಾಡುವವರ ಇಚ್ಛೆ ಮುಂದೆ ನಿಲ್ಲುತ್ತದೆ. ಕೊಟ್ಟವರಿಗೆ ಅದು ತಮ್ಮನ್ನೇ ಒಲ್ಲೆನೆಂದಂತೆ ಕೇಳಿಸುತ್ತದೆ. ಇಲ್ಲವೇ ಸಂಕೋಚದ ‘ಬೇಡ’ವೆಂದು ತಿಳಿದು ಮತ್ತೆ ಒತ್ತಾಯಿಸುತ್ತಾರೆ, ಊಟದ ಎಲೆಯ ಮುಂದೆ ‘ಬೇಡ’ವೆಂದವರಿಗೆ ಇನ್ನೊಂದು ಸೌಟು ಬಡಿಸುವುದು ನಮ್ಮ ಉಪಚಾರದ ರೂಢಿಯಲ್ಲವೆ? ಇದರ ದಾಯಾದಿಯಾದ ತಮಿಳಿನ ‘ವೇಂಡಾಂ’ಗೂ ಇದೇ ಪಾಡು.

‘ನನ್ನಿಂದ ಆಗದು’ ಎಂದರೆ ಅಡ್ಡಿಯೊಂದಿದೆ ಎಂದರ್ಥ. ಅಡ್ಡಿಯಿದೆ ಎಂದ ಕೂಡಲೇ ಅದನ್ನು ನಿವಾರಿಸಲು ಎದುರಿನವರು ಮುಂದಾಗುತ್ತಾರೆ: ‘ಆಗುವ ಹಾಗೆ ಮಾಡೋಣ, ಆಫೀಸಿಗೆ ಬೇಡ, ಮನೆಗೆ ಕಳುಹಿಸುತ್ತೇನೆ.’

‘ಕೂಡದು’ ಕನ್ನಡ, ತೆಲುಗುಗಳಲ್ಲಿ ಒಂದೇ ರೂಪದಲ್ಲಿದೆ; ತಮಿಳಿನಲ್ಲಿ ‘ಕೂಡಾದು’. ಮೂರು ಭಾಷೆಗಳ ನಡುವೆ ಬೆಳೆದ ಹೊಸೂರಿನವರಿಗೆ ಇದು ಕಟ್ಟಳೆಯ ಮಾತೆಂದು ಕೂಡಲೇ ತಿಳಿಯುತ್ತದೆ. ಆದರೆ ‘ನೀವು ಕಳುಹಿಸಕೂಡದು’ ಎಂದರೆ ಅದು ಗದರಿಕೆ. ಇಲ್ಲಿ ನೆರವಿಗೆ ಬರುವ ರೂಪ ‘-ವಂತಿಲ್ಲ’: ‘ನಮ್ಮ ವಿಭಾಗದ ಯಾರೂ ಸ್ವೀಕರಿಸುವಂತಿಲ್ಲ.’ ಇದರಲ್ಲಿ ಇಚ್ಛೆಯೂ ಇಲ್ಲ, ಗದರಿಕೆಯೂ ಇಲ್ಲ. ನಿಯಮವೊಂದು ಎಲ್ಲರನ್ನೂ ಸಮನಾಗಿ ಕಟ್ಟಿದೆಯೆಂಬ ಸೂಚನೆಯಷ್ಟೇ ಇದೆ.

‘ನಾವು’ ಎಂಬ ಪದದಲ್ಲೂ ಎಚ್ಚರ ಬೇಕು. ತಮಿಳಿನಲ್ಲಿ ‘ನಾಂಗಳ್’, ‘ನಾಮ್’ ಎಂದೂ ತೆಲುಗಿನಲ್ಲಿ ‘ಮೇಮು’, ‘ಮನಮು’ ಎಂದೂ ಕೇಳುಗರನ್ನು ಬಿಟ್ಟ ಹಾಗೂ ಸೇರಿಸಿಕೊಂಡ ಬಹುವಚನಗಳು ಬೇರೆಯಾಗಿವೆ. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ. ಆದ್ದರಿಂದ ಪತ್ರದಲ್ಲಿ ಬರಿಯ ‘ನಾವು’ ಎನ್ನದೆ ‘ನಮ್ಮ ಖರೀದಿ ವಿಭಾಗದವರು’ ಎಂದು ಬಿಡಿಸಿ ಬರೆಯುವುದು ಲೇಸು.

ಒಂದು ಪ್ರಸಂಗ

ಹೊಸೂರಿನ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಖರೀದಿ ಅಧಿಕಾರಿಣಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಮೂವತ್ತರ ಆಸುಪಾಸು. ತಗಡಿನ ಹಿಡಿಕೆಗಳನ್ನು ಒತ್ತಿ ಪೂರೈಸುವ ಸಣ್ಣ ಘಟಕದ ಮಾಲೀಕರಿಗೆ ಅರುವತ್ತು ದಾಟಿದೆ. ನರಕ ಚತುರ್ದಶಿಯ ಹಿಂದಿನ ದಿನ ಅವರ ಕಡೆಯ ಹುಡುಗ ಆಕೆಯ ಮನೆಗೆ ಸಿಹಿಯ ಪೆಟ್ಟಿಗೆಯನ್ನು ತಲುಪಿಸಿ ಹೋಗುತ್ತಾನೆ. ಮೇಲಿನ ತಟ್ಟೆಯಲ್ಲಿ ಸಿಹಿ, ಅರಿಸಿನ ಕುಂಕುಮ; ಕೆಳಗೆ ಬೆಳ್ಳಿಯ ಎರಡು ದೀಪಗಳು.

ಆಕೆ ಮಾಡಬೇಕಾದ ಮೊದಲ ಕೆಲಸ ಅಂದೇ ಮೇಲಧಿಕಾರಿಗೆ ಬರಹದಲ್ಲಿ ತಿಳಿಸುವುದು. ದೀಪಗಳನ್ನು ಮರಳಿಸಲು ಎರಡು ದಿನ ತಡವಾದರೂ ಚಿಂತೆಯಿಲ್ಲ. ತಿಳಿಸುವುದು ತಡವಾದರೆ ಇಟ್ಟುಕೊಂಡಿದ್ದಳೆಂಬ ಮಾತಿಗೆ ಎಡೆಯಾಗುತ್ತದೆ. ಆಮೇಲೆ ಮಾಲೀಕರಿಗೆ ಫೋನು. ಮೊದಲೇ ಪತ್ರ ಕಳುಹಿಸಿದರೆ ಹಿರಿಯರಿಗೆ ಅದು ನೋಟೀಸಿನಂತೆ ಕಾಣುತ್ತದೆ.

ಆಗ ಅವರು ಹೇಳುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: ‘ಅಯ್ಯೋ, ಅದೇನಮ್ಮ? ಹಬ್ಬಕ್ಕೆ ಮನೆ ಮಗಳಿಗೆ ಕೊಟ್ಟ ಹಾಗೆ ಕೊಟ್ಟಿದ್ದೀನಿ. ಕಂಪನಿಗೂ ಅದಕ್ಕೂ ಏನು ಸಂಬಂಧ?’ ಪ್ರಸಂಗದ ಕಠಿಣ ಸ್ಥಳ ಇದು. ನಂಟಿನ ಮಾತನ್ನು ತಳ್ಳಿಹಾಕಿದರೆ ಮನಸ್ಸು ಮುರಿಯುತ್ತದೆ. ಒಪ್ಪಿಕೊಂಡರೆ ದೀಪವನ್ನೂ ಒಪ್ಪಿಕೊಂಡಂತೆ. ನಂಟನ್ನು ಉಳಿಸಿಕೊಂಡು ವಸ್ತುವನ್ನು ಬೇರ್ಪಡಿಸುವುದೇ ದಾರಿ: ‘ಮಗಳೆಂದಿರಲ್ಲ ಸಾರ್, ಅದು ನನಗೆ ದೊಡ್ಡದು. ಅರಿಸಿನ ಕುಂಕುಮ ತೆಗೆದುಕೊಂಡಿದ್ದೀನಿ. ಸಿಹಿ ಆಫೀಸಿನಲ್ಲಿ ಎಲ್ಲರೂ ಹಂಚಿಕೊಳ್ತೀವಿ. ದೀಪ ಮಾತ್ರ ನಮ್ಮ ವಿಭಾಗದ ಯಾರೂ ಇಟ್ಟುಕೊಳ್ಳೋ ಹಾಗಿಲ್ಲ. ಹಬ್ಬ ಕಳೆದ ಮೇಲೆ ನಿಮ್ಮ ಮನೆಗೇ ಬರುತ್ತದೆ.’ ಸಿಹಿಯನ್ನು ಹಂಚುವುದು ಸಂಸ್ಥೆಯ ನಿಯಮ ಒಪ್ಪಿದರೆ ಮಾತ್ರ; ಆಗಲೂ ಉಡುಗೊರೆಗಳ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.

ದೀಪವನ್ನು ಹಬ್ಬದ ಸಂಜೆ ಮರಳಿಸುವುದಾಗಲಿ, ಶುಕ್ರವಾರ ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳುಹಿಸುವುದಾಗಲಿ ನಮ್ಮಲ್ಲಿ ಸಲ್ಲದು. ಪೆಟ್ಟಿಗೆಯನ್ನು ಬರಿದಾಗಿ ಮರಳಿಸುವುದೂ ರೂಢಿಯಲ್ಲ. ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ಕಳುಹಿಸಿದರೆ ನಿರಾಕರಣೆ ಅವಮಾನವಾಗುವುದಿಲ್ಲ. ತಲುಪಿದ್ದಕ್ಕೆ ಸ್ವೀಕೃತಿಯ ಸಹಿ ಪಡೆಯಬೇಕು.

ಪೆಟ್ಟಿಗೆಯೊಂದಿಗೆ ಹೋಗುವ ಪತ್ರ ಹೀಗಿರಬಹುದು:

> ಮಾನ್ಯರಿಗೆ ನಮಸ್ಕಾರಗಳು.
>
> ದೀಪಾವಳಿಯಂದು ನಮ್ಮ ಮನೆಯನ್ನು ನೆನೆದು ತಾವು ಹರಸಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಅರಿಸಿನ ಕುಂಕುಮವನ್ನು ಆದರದಿಂದ ಸ್ವೀಕರಿಸಿದ್ದೇನೆ. ಸಿಹಿಯನ್ನು ವಿಭಾಗದ ಎಲ್ಲರೂ ಹಂಚಿಕೊಂಡೆವು.
>
> ನಮ್ಮ ಸಂಸ್ಥೆಯ ನಡತೆ ನಿಯಮದಂತೆ ಖರೀದಿ ವಿಭಾಗದ ಯಾರೂ, ಯಾವ ಪೂರೈಕೆದಾರರಿಂದಲೂ, ಬೆಲೆಯುಳ್ಳ ಉಡುಗೊರೆಯನ್ನು ಸ್ವೀಕರಿಸುವಂತಿಲ್ಲ. ಆದ್ದರಿಂದ ಬೆಳ್ಳಿಯ ಎರಡು ದೀಪಗಳನ್ನು ಗೌರವಪೂರ್ವಕವಾಗಿ ಮರಳಿಸುತ್ತಿದ್ದೇನೆ. ಅವು ತಮ್ಮ ಮನೆಯಲ್ಲಿ ಬೆಳಗಲಿ.
>
> ಮಳೆಯಿಂದ ರಸ್ತೆ ಕೆಟ್ಟಿದ್ದ ವಾರದಲ್ಲಿಯೂ ತಮ್ಮ ಘಟಕದಿಂದ ಸರಕು ಹೇಳಿದ ದಿನವೇ ತಲುಪಿದ್ದನ್ನು ನಮ್ಮ ವಿಭಾಗ ನೆನೆಯುತ್ತದೆ. ಪೂರೈಕೆದಾರರ ಸಭೆಗೆ ತಾವು ಬಂದಾಗ ಭೇಟಿಯಾಗೋಣ.
>
> ಇಂತಿ ವಂದನೆಗಳೊಂದಿಗೆ,

ಈ ಪತ್ರದಲ್ಲಿ ಕೃತಜ್ಞತೆ ಸಂದಿರುವುದು ನೆನೆದದ್ದಕ್ಕೆ, ದೀಪಕ್ಕಲ್ಲ. ‘ಯಾರೂ’, ‘ಯಾವ ಪೂರೈಕೆದಾರರಿಂದಲೂ’ ಎಂಬ ಎರಡು ಮಾತುಗಳು ಈ ನಿರಾಕರಣೆ ಅವರೊಬ್ಬರಿಗೆ ಮಾಡಿದ್ದಲ್ಲವೆಂದು ತಿಳಿಸುತ್ತವೆ. ಕ್ಷಮೆಯ ಮಾತಿಲ್ಲ, ಏಕೆಂದರೆ ಇಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಮೆಚ್ಚುಗೆ ಹಿಂದೆ ನಡೆದ ಕೆಲಸಕ್ಕೆ ಸೀಮಿತವಾಗಿದೆ. ಬಾಕಿ ಬಿಲ್ಲು, ಮುಂದಿನ ಆದೇಶ, ದರಗಳ ಸುಳಿವಿಲ್ಲ. ‘ಮುಂದಿನ ಆದೇಶದಲ್ಲಿ ನೋಡೋಣ’ ಎಂಬ ಒಂದೇ ವಾಕ್ಯ ಸೇರಿದ್ದರೆ, ದೀಪ ಮರಳಿದರೂ ಮುಯ್ಯಿ ಉಳಿದುಬಿಡುತ್ತಿತ್ತು.

ನಿರಾಕರಣೆ ಸೋರುವ ಮೂರು ಮಾತುಗಳು

‘ಈ ಸಲ ಬೇಡ’ ಎಂದರೆ ಬರುವ ಸಲಕ್ಕೆ ಕರೆ ಕೊಟ್ಟಂತೆ. ‘ಇಷ್ಟು ದೊಡ್ಡದು ಯಾಕೆ’ ಎಂದರೆ ಚಿಕ್ಕದನ್ನು ಕೇಳಿದಂತೆ. ‘ನನಗೇನೋ ಇಷ್ಟವೇ, ಕಂಪನಿ ಬಿಡುವುದಿಲ್ಲ’ ಎಂಬುದು ಎಲ್ಲಕ್ಕಿಂತ ಅಪಾಯದ್ದು: ಅದು ನಿಯಮವನ್ನು ಇಬ್ಬರಿಗೂ ಸಮಾನ ಶತ್ರುವನ್ನಾಗಿಸಿ, ಗುಟ್ಟಾಗಿ ಕೊಡುವ ದಾರಿಯನ್ನು ತೋರಿಸುತ್ತದೆ. ಮಾತು ಸೋರಿದೆಯೆಂಬುದು ಉತ್ತರದಲ್ಲಿ ತಿಳಿಯುತ್ತದೆ. ‘ಯಾರಿಗೂ ಗೊತ್ತಾಗುವುದಿಲ್ಲ’, ‘ನಿಮ್ಮ ಯಜಮಾನರ ಕೈಗೆ ಕೊಡುತ್ತೇನೆ’ ಎಂಬ ಮಾತು ಬಂದರೆ ನಿರಾಕರಣೆ ಇನ್ನೂ ತಲುಪಿಲ್ಲ. ಎರಡನೆಯ ಬಾರಿಯೂ ಹೀಗಾದರೆ ಉತ್ತರ ಮೇಲಧಿಕಾರಿಯಿಂದ ಹೋಗಬೇಕು.

ಮದುವೆಯ ಕರೆ

ಅದೇ ಹಿರಿಯರು ಮಗಳ ಮದುವೆಗೆ ಕರೆದರೆ? ಮನೆಗೆ ಬಂದು ಕುಂಕುಮ ಕೊಟ್ಟು ಕರೆದ ಮದುವೆಗೆ ಹೋಗದಿರುವುದು ಸಂಬಂಧವನ್ನು ಕಡಿದಂತೆಯೇ. ಆದರೆ ಆಮಂತ್ರಣದೊಂದಿಗೆ ಮೈಸೂರಿನ ರೆಸಾರ್ಟಿನಲ್ಲಿ ಎರಡು ರಾತ್ರಿಯ ವಾಸ್ತವ್ಯ, ಕುಟುಂಬಕ್ಕೆ ಕಾರು ಸೇರಿದ್ದರೆ ಕರೆಯೊಂದು, ಆತಿಥ್ಯವೊಂದು. ಕಚೇರಿಗೆ ತಿಳಿಸಿ ಒಪ್ಪಿಗೆ ಪಡೆದು, ಸ್ವಂತ ಖರ್ಚಿನಲ್ಲಿ ಮುಹೂರ್ತಕ್ಕೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ, ತಾಂಬೂಲ ಪಡೆದು ಬರುವುದಕ್ಕೆ ಹಲವು ಸಂಸ್ಥೆಗಳು ಅಡ್ಡಿಪಡಿಸುವುದಿಲ್ಲ. ಉತ್ತರ ಹೀಗಿರಬಹುದು: ‘ಮುಹೂರ್ತಕ್ಕೆ ಖಂಡಿತ ಬರುತ್ತೇನೆ. ವಾಹನ, ವಸತಿಗಳನ್ನು ನಮ್ಮ ವಿಭಾಗದವರು ಪಡೆಯುವಂತಿಲ್ಲವಾದ್ದರಿಂದ ಆ ವ್ಯವಸ್ಥೆಯನ್ನು ನಾನೇ ಮಾಡಿಕೊಳ್ಳುತ್ತೇನೆ.’ ಅದೇ ತಿಂಗಳು ಅವರ ದರಪಟ್ಟಿ ಪರಿಶೀಲನೆಯಲ್ಲಿದ್ದರೆ ಮಾತ್ರ ಹೋಗದೆ, ದೂರದಿಂದಲೇ ಶುಭ ಕೋರುವುದು ಮೇಲು.

ನಿಯಮದ ಮಾತಿಗೆ ಮಿತಿ

ಇಲ್ಲದ ನಿಯಮವನ್ನು ಇದೆಯೆಂದು ಹೇಳಬಾರದು. ಪೂರೈಕೆದಾರರು ಒಬ್ಬರನ್ನೊಬ್ಬರು ಬಲ್ಲರು. ಪಕ್ಕದ ಮೇಜಿನವರು ಅದೇ ವಾರ ಪೆಟ್ಟಿಗೆ ಪಡೆದಿದ್ದರೆ ‘ಯಾರೂ ಸ್ವೀಕರಿಸುವಂತಿಲ್ಲ’ ಎಂಬ ವಾಕ್ಯ ಸುಳ್ಳಾಗಿ, ಹಿರಿಯರಿಗೆ ಅದು ತಮ್ಮೊಬ್ಬರಿಗೇ ಆದ ಅವಮಾನವಾಗುತ್ತದೆ. ಆದ್ದರಿಂದ ಹಬ್ಬಕ್ಕೆ ಕೆಲವು ವಾರ ಮುನ್ನವೇ ವಿಭಾಗದ ಮುಖ್ಯಸ್ಥರ ಸಹಿಯಲ್ಲಿ ಎಲ್ಲ ಪೂರೈಕೆದಾರರಿಗೂ ‘ತಮ್ಮ ಶುಭಾಶಯವೇ ಸಾಕು’ ಎಂಬ ಪತ್ರ ಹೋಗುವುದು ಉತ್ತಮ. ಬಾರದ ಉಡುಗೊರೆಯನ್ನು ಮರಳಿಸಬೇಕಾಗುವುದಿಲ್ಲ.

ಅಭ್ಯಾಸ

1. ‘ಒಲ್ಲೆ’, ‘ಬೇಡ’, ‘ಆಗದು’, ‘ಕೂಡದು’, ‘-ವಂತಿಲ್ಲ’ ರೂಪಗಳನ್ನು ಬಳಸಿ ಒಂದೇ ಉಡುಗೊರೆಯನ್ನು ನಿರಾಕರಿಸುವ ಐದು ವಾಕ್ಯಗಳನ್ನು ಬರೆದು, ಪ್ರತಿಯೊಂದಕ್ಕೂ ಕೊಟ್ಟವರು ಏನು ಮರುನುಡಿಯಬಹುದೆಂದು ಸೂಚಿಸಿರಿ.
2. ಹಬ್ಬಕ್ಕೆ ಮುನ್ನ ಎಲ್ಲ ಪೂರೈಕೆದಾರರಿಗೂ ಕಳುಹಿಸಬೇಕಾದ ಪತ್ರವನ್ನು ನೂರು ಪದಗಳಲ್ಲಿ ರಚಿಸಿರಿ.
3. ನಿಮ್ಮ ಊರಿನ ಮದುವೆಗಳಲ್ಲಿ ಮುಯ್ಯಿಯನ್ನು ಹೇಗೆ ಬರೆದಿಡುತ್ತಾರೆಂಬುದನ್ನು ಹಿರಿಯರಿಂದ ಕೇಳಿ, ಕಚೇರಿಯ ಉಡುಗೊರೆ ದಾಖಲೆಯೊಂದಿಗೆ ಹೋಲಿಸಿರಿ.