ಗಂಟೆ, ನಿಮಿಷ, ಸೆಕೆಂಡುಗಳ ಸಂಕಲನ

ಗಡಿಯಾರವು ಕಾಲವನ್ನು ಅಳೆಯುವ ಕ್ರಮಕ್ಕೂ ನಾವು ಸಂಖ್ಯೆಗಳನ್ನು ಬರೆಯುವ ಕ್ರಮಕ್ಕೂ ಒಂದು ಭೇದವುಂಟು. ಸಂಖ್ಯೆಗಳಲ್ಲಿ ಹತ್ತು ಏಕಗಳಿಗೆ ಒಂದು ದಶಕ, ಹತ್ತು ದಶಕಗಳಿಗೆ ಒಂದು ಶತಕ. ಕಾಲದಲ್ಲಿಯಾದರೋ ಅರವತ್ತು ಸೆಕೆಂಡುಗಳಿಗೆ ಒಂದು ನಿಮಿಷ, ಅರವತ್ತು ನಿಮಿಷಗಳಿಗೆ ಒಂದು ಗಂಟೆ. ಇದನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಲೆಕ್ಕಕ್ಕೆ ಕುಳಿತಾಗ ಕೈಯು ತನ್ನ ಹಳೆಯ ಅಭ್ಯಾಸದಂತೆ ಹತ್ತು, ನೂರುಗಳ ದಾರಿಯನ್ನೇ ಹಿಡಿಯುತ್ತದೆ. ಅದರಿಂದ ಏನಾಗುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಸೋಮವಾರ ವಿಜ್ಞಾನದ ಪರೀಕ್ಷೆ ಇದೆಯೆಂದು ಭಾವಿಸೋಣ. ಬೆಳಕಿನ ವಕ್ರೀಭವನವನ್ನು ಕುರಿತ ಐದು ಪಾಠಗಳ ವೀಡಿಯೊಗಳನ್ನು ಅವಳು ಅಷ್ಟರೊಳಗೆ ನೋಡಿ ಮುಗಿಸಬೇಕು. ಮನೆಯಲ್ಲಿರುವುದು ಒಂದೇ ಮೊಬೈಲು. ತಂದೆಯವರು ಕೆಲಸದಿಂದ ಹಿಂದಿರುಗಿದ ಮೇಲೆ ದಿನಕ್ಕೆ ಎರಡು ಗಂಟೆಗಳ ಕಾಲ ಅದು ಅವಳ ಕೈಗೆ ಬರುತ್ತದೆ. ಶನಿವಾರ, ಭಾನುವಾರ ಎರಡೂ ಸೇರಿ ನಾಲ್ಕು ಗಂಟೆಗಳಾದವು. ಪಾಠಗಳ ಅವಧಿಯು ಪರದೆಯ ಮೇಲೆ ಹೀಗೆ ಕಾಣುತ್ತದೆ:

ಮೊದಲನೆಯ ಪಾಠ 48:37
ಎರಡನೆಯ ಪಾಠ 52:45
ಮೂರನೆಯ ಪಾಠ 1:04:18
ನಾಲ್ಕನೆಯ ಪಾಠ 39:56
ಐದನೆಯ ಪಾಠ 57:29

ನಾಲ್ಕು ಗಂಟೆಗಳಲ್ಲಿ ಇವು ಮುಗಿಯುವುವೇ? ಇದೇ ಪ್ರಶ್ನೆ.

ಮೊದಲು ಸೆಕೆಂಡುಗಳ ಸಾಲನ್ನು ಮಾತ್ರ ಕೂಡೋಣ. 37, 45, 18, 56, 29 ಇವುಗಳ ಮೊತ್ತ 185. ಇಷ್ಟರವರೆಗೆ ಮಾಡಿದ್ದು ಸಾಮಾನ್ಯ ಸಂಕಲನವೇ; ಭೇದವು ಇನ್ನು ಮುಂದೆ. 185ರಲ್ಲಿ ಎಷ್ಟು ಅರವತ್ತುಗಳಿವೆಯೆಂದು ಕೇಳಬೇಕು. ಮೂರು ಅರವತ್ತುಗಳು 180, ಉಳಿಯುವುದು 5. ಆ 5ನ್ನು ಸೆಕೆಂಡುಗಳ ಸ್ಥಾನದಲ್ಲಿ ಬರೆದು, ಮೂರು ನಿಮಿಷಗಳನ್ನು ಮುಂದಿನ ಸಾಲಿಗೆ ಒಯ್ಯಬೇಕು. ನಿಮಿಷಗಳ ಸಾಲಿನಲ್ಲಿ 48, 52, 4, 39, 57 ಸೇರಿ 200. ಒಯ್ದ 3 ಸೇರಿದರೆ 203. ಇದರಲ್ಲಿಯೂ ಮೂರು ಅರವತ್ತುಗಳಿವೆ, ಉಳಿಯುವುದು 23. ಗಂಟೆಗಳ ಸಾಲಿನಲ್ಲಿ ಮೂರನೆಯ ಪಾಠದ ಒಂದು ಗಂಟೆ ಮಾತ್ರ ಇದೆ. ಒಯ್ದ ಮೂರನ್ನು ಕೂಡಿದರೆ ನಾಲ್ಕು. ಒಟ್ಟು ಅವಧಿ 4:23:05. ಗಂಟೆಗಳ ಸಾಲಿನಿಂದ ಮುಂದಕ್ಕೆ ಏನನ್ನೂ ಒಯ್ಯಬೇಕಾಗಿಲ್ಲ. ಪಾಠಗಳು ಎಪ್ಪತ್ತು ಗಂಟೆಗಳಷ್ಟಾದರೂ ಎಪ್ಪತ್ತೆಂದೇ ಬರೆಯುತ್ತೇವೆ.

ಒಂದೇ ಲೆಕ್ಕದೊಳಗೆ ಸಾಲಿಗೊಂದು ನಿಯಮ ಇರುವುದು ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. 1957ರಲ್ಲಿ ದಶಮಾಂಶ ನಾಣ್ಯಗಳು ಬರುವ ಮೊದಲು ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕವಿತ್ತು. ಅಂಗಡಿಯ ಖಾತೆ ಬರೆಯುವವರು ಪೈಗಳ ಸಾಲಿನಲ್ಲಿ ಹನ್ನೆರಡನ್ನೂ ಆಣೆಗಳ ಸಾಲಿನಲ್ಲಿ ಹದಿನಾರನ್ನೂ ತೆಗೆದು ಮುಂದೆ ಸಾಗುತ್ತಿದ್ದರು. ಆ ಅಭ್ಯಾಸ ಹೋದಮೇಲೆ ಇಂತಹ ಲೆಕ್ಕವು ನಮಗೆ ಉಳಿದಿರುವುದು ಹೆಚ್ಚಾಗಿ ಕಾಲದಲ್ಲಿಯೇ.

ಈಗ ತಪ್ಪುದಾರಿಯನ್ನು ನೋಡೋಣ. ನಡುವಿನ ಚುಕ್ಕಿಗಳನ್ನು ಮರೆತು 4837, 5245, 10418, 3956, 5729 ಎಂದು ಸಾಮಾನ್ಯ ಸಂಖ್ಯೆಗಳಂತೆ ಕೂಡಿದರೆ 30185 ಬರುತ್ತದೆ. ಇದನ್ನು ಮರಳಿ ಬಿಡಿಸಿ ಓದಿದರೆ 3 ಗಂಟೆ, 1 ನಿಮಿಷ, 85 ಸೆಕೆಂಡು. 85 ಸೆಕೆಂಡು ಎಂಬುದು ಕಣ್ಣಿಗೆ ಚುಚ್ಚುತ್ತದೆ. ಅದನ್ನು ಒಂದು ನಿಮಿಷ 25 ಸೆಕೆಂಡು ಮಾಡಿ, ಉತ್ತರವನ್ನು 3:02:25 ಎಂದು ತಿದ್ದಿಕೊಂಡು ಸಮಾಧಾನಪಡುವವರೂ ಉಂಟು. ನಿಜವಾದ ಉತ್ತರಕ್ಕಿಂತ ಇದು 1 ಗಂಟೆ, 20 ನಿಮಿಷ, 40 ಸೆಕೆಂಡು ಕಡಿಮೆ. ಕೊನೆಯಲ್ಲಿ ತಿದ್ದಿದರೂ ಈ ಕೊರತೆ ತುಂಬದಿರುವುದೇಕೆ?

ಕಾರಣವು ಸ್ಪಷ್ಟವಾಗಿದೆ. ಸೆಕೆಂಡುಗಳು 185 ಆದಾಗ ಈ ಕ್ರಮವು ಅದರಿಂದ ನೂರನ್ನು ತೆಗೆದು ಒಂದು ನಿಮಿಷವೆಂದು ಮುಂದೆ ಒಯ್ದಿತು. ಆದರೆ ನಿಮಿಷಕ್ಕೆ ಬೇಕಾದುದು ಅರವತ್ತೇ. ಉಳಿದ ನಾಲ್ವತ್ತು ಸೆಕೆಂಡುಗಳು ಅಲ್ಲಿಯೇ ಕಳೆದುಹೋದವು. ನಿಮಿಷಗಳ ಸಾಲಿನಲ್ಲಿ 201 ಆದಾಗ ಎರಡು ನೂರುಗಳನ್ನು ಎರಡು ಗಂಟೆಗಳೆಂದು ಒಯ್ದಿತು. ಪ್ರತಿ ನೂರಿಗೆ ನಾಲ್ವತ್ತರಂತೆ ಎಂಬತ್ತು ನಿಮಿಷಗಳು ಮಾಯವಾದವು. ಎಂಬತ್ತು ನಿಮಿಷ ನಾಲ್ವತ್ತು ಸೆಕೆಂಡು ಎಂದರೆ ನಾವು ಕಂಡ ಕೊರತೆಯೇ ಆಯಿತು. ಹೀಗೆ ತಪ್ಪಾಗಿ ಒಯ್ದ ಒಂದೊಂದಕ್ಕೂ ನಾಲ್ವತ್ತರಂತೆ ನಷ್ಟವಾಗುತ್ತದೆ.

ಮೇಲಿನ ಲೆಕ್ಕದಲ್ಲಿ 85 ಎಂಬ ಅಂಕಿಯಾದರೂ ತಪ್ಪನ್ನು ತೋರಿಸಿಕೊಟ್ಟಿತು. ಎಲ್ಲ ಸಲವೂ ಹಾಗಾಗುವುದಿಲ್ಲ. 12:55 ಮತ್ತು 10:50 ಇವನ್ನು 1255, 1050 ಎಂದು ಕೂಡಿದರೆ 2305, ಅಂದರೆ 23:05. ನೋಡುವುದಕ್ಕೆ ಸರ್ವಥಾ ಸರಿಯಾದ ಉತ್ತರ! ಆದರೆ 55 ಮತ್ತು 50 ಸೇರಿ 105 ಸೆಕೆಂಡು, ಎಂದರೆ ಒಂದು ನಿಮಿಷ 45 ಸೆಕೆಂಡು. ಸರಿಯಾದ ಉತ್ತರ 23:45. ಇಲ್ಲಿಯೂ ಕಳೆದದ್ದು ಅದೇ ನಾಲ್ವತ್ತು.

ಆದುದರಿಂದ ಉತ್ತರವನ್ನು ಬೇರೊಂದು ದಾರಿಯಿಂದ ತಾಳೆ ನೋಡುವುದು ಒಳ್ಳೆಯದು. ಪ್ರತಿಯೊಂದು ಅವಧಿಯನ್ನೂ ಹತ್ತಿರದ ನಿಮಿಷಕ್ಕೆ ಸರಿಮಾಡಿಕೊಂಡರೆ ನಮ್ಮ ಪಾಠಗಳು 49, 53, 64, 40, 57 ನಿಮಿಷಗಳಾಗುತ್ತವೆ. ಮೊತ್ತ 263 ನಿಮಿಷ, ಅಂದರೆ 4 ಗಂಟೆ 23 ನಿಮಿಷ. ಒಂದೊಂದು ಪಾಠಕ್ಕೆ ಹೆಚ್ಚೆಂದರೆ ಅರ್ಧ ನಿಮಿಷದ ವ್ಯತ್ಯಾಸ ಬರುವುದರಿಂದ, ಐದು ಪಾಠಗಳಲ್ಲಿ ಎರಡೂವರೆ ನಿಮಿಷಕ್ಕಿಂತ ಹೆಚ್ಚು ಅಂತರ ಬರಲಾರದು. ಮೂರು ಗಂಟೆಯ ಉತ್ತರವು ಈ ಪರೀಕ್ಷೆಯಲ್ಲಿ ಕೂಡಲೇ ಬಿದ್ದುಹೋಗುತ್ತದೆ. ಪೂರ್ಣ ನಿಖರತೆ ಬೇಕಾದವರು ಎಲ್ಲವನ್ನೂ ಸೆಕೆಂಡುಗಳಾಗಿ ಪರಿವರ್ತಿಸಿ ಕೂಡಬಹುದು: 15785. ಇದನ್ನು 3600ರಿಂದ ಭಾಗಿಸಿದರೆ 4 ಗಂಟೆ, ಶೇಷ 1385. ಶೇಷವನ್ನು 60ರಿಂದ ಭಾಗಿಸಿದರೆ 23 ನಿಮಿಷ, ಶೇಷ 5 ಸೆಕೆಂಡು.

ಕಂಪ್ಯೂಟರಿನ ಲೆಕ್ಕದ ಹಾಳೆಯನ್ನು ಬಳಸುವವರು ಒಂದೆರಡು ವಿಷಯಗಳನ್ನು ಗಮನಿಸಬೇಕು. ಅದರಲ್ಲಿ 48:37 ಎಂದು ಬರೆದರೆ ಅದು ಸಾಮಾನ್ಯವಾಗಿ 48 ಗಂಟೆ 37 ನಿಮಿಷವೆಂದು ತಿಳಿಯುತ್ತದೆ. 0:48:37 ಎಂದು ಸೊನ್ನೆಯನ್ನು ಮುಂದಿಟ್ಟು ಬರೆಯಬೇಕು. ಮೊತ್ತವು 24 ಗಂಟೆಗಳನ್ನು ಮೀರಿದರೆ, ಗಡಿಯಾರದಂತೆ ಸುತ್ತು ಮುಗಿಸಿ ಉಳಿದುದನ್ನಷ್ಟೇ ಅದು ತೋರಿಸಬಹುದು. ಅಂತಹ ವೇಳೆ [h]:mm:ss ಎಂಬ ರೂಪವನ್ನು ಆರಿಸಿಕೊಂಡರೆ ಪೂರ್ಣ ಮೊತ್ತವು ಕಾಣುತ್ತದೆ.

ಇನ್ನು ನಮ್ಮ ವಿದ್ಯಾರ್ಥಿನಿಯ ವಿಚಾರ. ಮೂರು ಗಂಟೆ ಎರಡು ನಿಮಿಷವೆಂದು ನಂಬಿದ್ದರೆ ಅವಳು ಸುಮಾರು ಒಂದು ಗಂಟೆ ಬಿಡುವಿದೆಯೆಂದು ನಿಶ್ಚಿಂತಳಾಗಿರುತ್ತಿದ್ದಳು. ಭಾನುವಾರ ರಾತ್ರಿ ಐದನೆಯ ಪಾಠವು 34:24ಕ್ಕೆ ನಿಂತು, ಕೊನೆಯ 23 ನಿಮಿಷ 5 ಸೆಕೆಂಡುಗಳ ಭಾಗವನ್ನು ನೋಡದೆಯೇ ಪರೀಕ್ಷೆಗೆ ಹೋಗಬೇಕಾಗುತ್ತಿತ್ತು. ಸರಿಯಾದ ಮೊತ್ತವನ್ನು ಶನಿವಾರವೇ ತಿಳಿದರೆ, ತಂದೆಯವರಲ್ಲಿ ರಾತ್ರಿಗೆ ಹನ್ನೆರಡು ನಿಮಿಷಗಳಂತೆ ಹೆಚ್ಚು ಕೇಳಿಕೊಂಡರೆ ಸಾಕು. ಎರಡು ರಾತ್ರಿಗೆ ಇಪ್ಪತ್ತನಾಲ್ಕು ನಿಮಿಷಗಳಾಗಿ, ಐದೂ ಪಾಠಗಳು ಮುಗಿದು 55 ಸೆಕೆಂಡುಗಳು ಉಳಿಯುತ್ತವೆ.